ಲೇಖಕರ ಹೆಸರು ನಿಜವಾಗಿಯೂ ಇಲ್ವಾ?

ಕೇಳುಗರಿಗೆ ನಮಸ್ಕಾರ. ಪಿಎಚ್.ಡಿ. ಪ್ರಬಂಧದ ಕೊನೆಯ ಹಂತದಲ್ಲಿ ಇರುವವರು ಇವತ್ತು ಸ್ವಲ್ಪ ಕಿವಿಗೊಡಿ. ಗ್ರಂಥಋಣವನ್ನು, ಅಂದರೆ ಬಳಸಿದ ಪುಸ್ತಕಗಳ ಪಟ್ಟಿಯನ್ನು, ಎಂ.ಎಲ್.ಎ. ಅನ್ನುವ ಉಲ್ಲೇಖ ಶೈಲಿಯಲ್ಲಿ ಮಾಡಿಟ್ಟಿದ್ದೀರಿ. ಈಗ ನಿಮ್ಮ ಗೈಡ್ ಎ.ಪಿ.ಎ. ಶೈಲಿ ಬೇಕು ಅಂದಿದ್ದಾರೆ. ಏನು ಮಾಡುತ್ತೀರಿ? ಕೊನೆಯಲ್ಲಿದ್ದ ಇಸವಿಯನ್ನು ಲೇಖಕರ ಹೆಸರಿನ ಪಕ್ಕಕ್ಕೆ ತರುತ್ತೀರಿ. ಪೂರ್ತಿ ಹೆಸರನ್ನು ಇನಿಷಿಯಲ್ ಮಾಡುತ್ತೀರಿ. ಲೇಖಕರ ಹೆಸರು ಇದ್ದರೆ ಹೆಚ್ಚುಕಡಿಮೆ ಇಷ್ಟೇ ಕೆಲಸ. ಹೆಸರೇ ಇಲ್ಲದ ಪುಸ್ತಕ ಬಂದಾಗ ಕೈ ನಿಲ್ಲುತ್ತದೆ, ಅಲ್ವಾ?

ನಾನು ಹೇಳುವುದು ಒಂದೇ ಮಾತು. ಹಳೆಯ ಪಟ್ಟಿ ನೋಡಿಕೊಂಡು ಹೊಸ ಪಟ್ಟಿ ಮಾಡಬೇಡಿ. ಪುಸ್ತಕ ನೋಡಿಕೊಂಡು ಮಾಡಿ.

ನಮ್ಮ ಗ್ರಂಥಾಲಯಕ್ಕೆ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದಿದ್ದರು. ಪಟ್ಟಿ ಅಚ್ಚುಕಟ್ಟಾಗಿತ್ತು. ಆದರೆ ಶುರುವಿನಲ್ಲೇ, ಇಂಗ್ಲಿಷಿನ ಎ ಅಕ್ಷರದ ಕೆಳಗೆ, ಸಾಲುಸಾಲಾಗಿ Anonymous ಅಂತ ಇತ್ತು. "ಇವರೆಲ್ಲ ಯಾರಮ್ಮ?" ಅಂತ ಕೇಳಿದೆ. "ಲೇಖಕರ ಹೆಸರಿಲ್ಲ ಸರ್, ಅದಕ್ಕೆ ಹಾಗೆ ಹಾಕಿದೆ" ಅಂದರು. ಅದರಲ್ಲಿ ಒಂದು ನಮ್ಮ ರಾಜ್ಯದ್ದೇ ವರದಿ, ಕರ್ನಾಟಕ ಹ್ಯೂಮನ್ ಡೆವಲಪ್‌ಮೆಂಟ್ ರಿಪೋರ್ಟ್ 2005. ಕಪಾಟಿನಿಂದ ತಂದು ಮೇಜಿನ ಮೇಲೆ ಬಿಚ್ಚಿಟ್ಟೆವು. ಯೋಜನೆ ಮತ್ತು ಸಾಂಖ್ಯಿಕ ಇಲಾಖೆ, ಕರ್ನಾಟಕ ಸರ್ಕಾರ ಅಂತ ಸ್ಪಷ್ಟವಾಗಿ ಅಚ್ಚಾಗಿದೆ. ಮತ್ತೆ ಹೆಸರಿಲ್ಲ ಅನ್ನುವುದು ಹೇಗೆ?

Anonymous ಅಂತ ಸೇರಿಸಿದ್ದು ತಪ್ಪು, ಆದರೆ ಇಲಾಖೆಯನ್ನು ಲೇಖಕರ ಜಾಗದಲ್ಲಿ ಹಾಕದೆ ಇದ್ದದ್ದು ಆ ಹುಡುಗಿಯ ತಪ್ಪಲ್ಲ. ಎಂ.ಎಲ್.ಎ. ನಿಯಮ ಹಾಗಿದೆ. ಬರೆಸಿದ ಸಂಸ್ಥೆಯೇ ಪ್ರಕಾಶಕ ಆಗಿದ್ದರೆ, ಲೇಖಕರ ಜಾಗ ಬಿಟ್ಟು ಶೀರ್ಷಿಕೆಯಿಂದಲೇ ಶುರು ಮಾಡಬೇಕು. ಸಂಸ್ಥೆಯ ಹೆಸರು ಪ್ರಕಾಶಕರ ಜಾಗದಲ್ಲಿ ಮಾತ್ರ ಬರುತ್ತದೆ. ಎ.ಪಿ.ಎ. ಇದಕ್ಕೆ ಉಲ್ಟಾ. ಅಲ್ಲಿ ಇಲಾಖೆಯೇ ಲೇಖಕ, ಅದರ ಮೇಲಿರುವ ಸರ್ಕಾರ ಪ್ರಕಾಶಕ. ಹಾಗಾಗಿ ಮೊದಲು ಯೋಜನೆ ಮತ್ತು ಸಾಂಖ್ಯಿಕ ಇಲಾಖೆ, ಆಮೇಲೆ ಕಂಸದಲ್ಲಿ 2006, ಆಮೇಲೆ ಶೀರ್ಷಿಕೆ, ಕೊನೆಗೆ ಕರ್ನಾಟಕ ಸರ್ಕಾರ. 2006 ಎಲ್ಲಿಂದ ಬಂತು ಅಂತೀರಾ? ಶೀರ್ಷಿಕೆಯಲ್ಲಿರುವುದು 2005, ಪ್ರಕಟವಾದದ್ದು 2006. ಇದನ್ನೂ ಪುಸ್ತಕ ನೋಡಿದರೇನೇ ಹೇಳಲು ಆಗುವುದು.

ಇಲ್ಲಿಗೆ ಮುಗಿಯಲಿಲ್ಲ. ಎಂ.ಎಲ್.ಎ. ಪ್ರಕಾರ ಇಂಗ್ಲಿಷ್ ಪಟ್ಟಿಯಲ್ಲಿ Karnataka ಅಂತ ಕೆ ಅಕ್ಷರದಲ್ಲಿ ಇರಬೇಕಾದ ಈ ವರದಿ ಈಗ Planning ಅಂತ ಪಿ ಅಕ್ಷರಕ್ಕೆ ಹೋಗುತ್ತದೆ. ಪ್ರಬಂಧದ ಒಳಗೆ ಕಂಸದಲ್ಲಿ ಕೊಟ್ಟ ಉಲ್ಲೇಖವೂ ಬದಲಾಗಬೇಕು. ಬಹಳ ಜನ ಪಟ್ಟಿ ತಿದ್ದಿ ಒಳಗಿನದನ್ನು ಮರೆಯುತ್ತಾರೆ. ಆಮೇಲೆ ಓದುವವರಿಗೆ ಕಂಸದಲ್ಲಿ ಕಂಡ ಹೆಸರು ಪಟ್ಟಿಯಲ್ಲಿ ಸಿಗುವುದೇ ಇಲ್ಲ.

ಉಲ್ಲೇಖಗಳನ್ನು ತಾನೇ ಜೋಡಿಸಿಕೊಡುವ ಜೊಟೆರೊ ತಂತ್ರಾಂಶ ಬಳಸುವವರು ನಮಗಿದು ಬೇಡ ಅಂದುಕೊಳ್ಳಬೇಡಿ. ಇಲಾಖೆಯ ಹೆಸರನ್ನು ಮನುಷ್ಯರ ಹೆಸರಿನ ಹಾಗೆ ಎರಡು ಖಾನೆಯಲ್ಲಿ ತುಂಬಿದರೆ, ಕೊನೆಯ ಪದವನ್ನು ಅಡ್ಡಹೆಸರು ಮಾಡಿ ಉಳಿದದ್ದನ್ನು ಇನಿಷಿಯಲ್ ಮಾಡಿಬಿಡುತ್ತದೆ. ಪಟ್ಟಿಯಲ್ಲಿ Department ಅಂತ ಒಬ್ಬ ಲೇಖಕರು ಕಂಡರೆ ಆಗಿರುವುದು ಇದೇ. ಆ ಸಾಲಿನ ಪಕ್ಕದ ಸಣ್ಣ ಗುಂಡಿ ಒತ್ತಿ, ಒಂದೇ ಖಾನೆಗೆ ಬದಲಿಸಿ. ಹೆಸರು ನಿಜವಾಗಿಯೂ ಇಲ್ಲದಿದ್ದರೆ ಖಾನೆ ಖಾಲಿ ಬಿಡಿ. ಎ.ಪಿ.ಎ.ಯಲ್ಲೂ ಆಗ ಶೀರ್ಷಿಕೆಯೇ ಮುಂದೆ ಬರುತ್ತದೆ. ಪುಸ್ತಕದ ಮೇಲೆ Anonymous ಅಂತಲೇ ಅಚ್ಚಾಗಿದ್ದರೆ ಮಾತ್ರ ಆ ಪದ ಬರೆಯಿರಿ.

ಸಮಯ ಕಡಿಮೆ ಇದೆ, ಆವೃತ್ತಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಕನ್ನಡ ಪುಸ್ತಕಗಳಲ್ಲಿ ಎರಡನೇ ಮುದ್ರಣ, ಮೂರನೇ ಮುದ್ರಣ ಅಂತ ಇರುತ್ತದೆ. ಅದನ್ನು ನೋಡಿದ ಕೂಡಲೇ 2nd ed. ಅಂತ ಬರೆಯಬೇಡಿ. ಸುಮ್ನೆ ಮತ್ತೆ ಅಚ್ಚು ಹಾಕಿದ್ದರೆ ಅದು ಹೊಸ ಆವೃತ್ತಿ ಅಲ್ಲ. ಪರಿಷ್ಕೃತ ಅಂತ ಇದೆಯಾ, ಎರಡನೇ ಮುದ್ರಣದ ಮಾತಿನಲ್ಲಿ ತಿದ್ದಿದ್ದೇವೆ, ಅಧ್ಯಾಯ ಸೇರಿಸಿದ್ದೇವೆ ಅಂತ ಲೇಖಕರು ಹೇಳಿದ್ದಾರಾ, ನೋಡಿ. ಹೇಳಿದ್ದರೆ ಆವೃತ್ತಿ ಬರೆಯಿರಿ. ಏನೂ ಇಲ್ಲದಿದ್ದರೆ ಬಿಟ್ಟುಬಿಡಿ. ಮೊದಲ ಆವೃತ್ತಿ ಅಂತ ನೀವೇ ಸೇರಿಸುವುದು ಬೇಡ.

ಎ.ಪಿ.ಎ.ಯಿಂದ ಎಂ.ಎಲ್.ಎ.ಗೆ ಹೋಗುವವರಿಗೂ ಪುಸ್ತಕವೇ ಗತಿ. ಪಟ್ಟಿಯಲ್ಲಿರುವ ಕೆ. ಅನ್ನುವುದು ಕೃಷ್ಣನೋ ಕೇಶವನೋ ಊಹಿಸಬೇಡಿ. ಶೀರ್ಷಿಕೆ ಪುಟದಲ್ಲಿ ಪೂರ್ತಿ ಹೆಸರಿದ್ದರೆ ಪೂರ್ತಿ ಬರೆಯಿರಿ, ಅಲ್ಲೂ ಇನಿಷಿಯಲ್ ಇದ್ದರೆ ಇನಿಷಿಯಲ್ಲೇ ಇರಲಿ. ಇಸವಿ ಸಿಗದ ಪುಸ್ತಕಕ್ಕೆ ಎ.ಪಿ.ಎ.ಯಲ್ಲಿ n.d. ಅಂತ ಹಾಕಿರುತ್ತೀರಿ. ಎಂ.ಎಲ್.ಎ.ಯಲ್ಲಿ ಅದನ್ನು ತೆಗೆದು, ಇಸವಿಯ ಜಾಗವನ್ನೇ ಬಿಟ್ಟುಬಿಡಿ. ನಮಸ್ಕಾರ.