ಕಾರ್ಟೂನಿನ ಬಾಯಿ: ಕನ್ನಡಕ್ಕೆ ಆರು ಚಿತ್ರ ಸಾಕು

[ತೆರೆಯ ಮೇಲೆ: ವರ್ಣಮಾಲೆಯ ಪಟ್ಟಿ]

ನಮಸ್ಕಾರ. ಕಾರ್ಟೂನ್ ಪಾತ್ರ ಕನ್ನಡ ಮಾತಾಡಬೇಕು, ಚಿತ್ರ ಬರೆಯುವವರು ನೀವೊಬ್ಬರೇ. ಹಾಗಾದರೆ ಎಷ್ಟು ಬಾಯಿ ಬರೆಯಬೇಕು? ಅಮೆರಿಕದ ಅನಿಮೇಟರ್ ಪ್ರೆಸ್ಟನ್ ಬ್ಲೇರ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಬಾಯಿಯ ಆಕಾರಗಳ ಪಟ್ಟಿಯನ್ನು ಹಲವರು ಹಾಗೆಯೇ ಎತ್ತಿಕೊಳ್ಳುತ್ತಾರೆ. ಅದು ಇಂಗ್ಲಿಷ್ ಮಾತಿಗೆಂದು ಮಾಡಿದ್ದು. ನಮ್ಮ ಕೆಲಸಕ್ಕೆ ನಮ್ಮ ವರ್ಣಮಾಲೆಯೇ ಉತ್ತಮ ದಾರಿ.

ಕ, ಚ, ಟ, ತ ವರ್ಗಗಳನ್ನು ನೋಡಿ. ಇವುಗಳ ಕೆಲಸವೆಲ್ಲ ನಾಲಿಗೆಯದು, ಬಾಯಿಯ ಒಳಗೇ ನಡೆಯುತ್ತದೆ. 'ನ' ಮತ್ತು 'ಣ' ಕಿವಿಗೆ ಬೇರೆ, ಕಣ್ಣಿಗೆ ಒಂದೇ. ತುಟಿ ಮುಚ್ಚಲೇಬೇಕಾದದ್ದು ಪ ವರ್ಗಕ್ಕೆ ಮಾತ್ರ.

[ತೆರೆಯ ಮೇಲೆ: ಆರು ಬಾಯಿಗಳು, ಒಂದೊಂದಾಗಿ]

ಒಂದು, ಮುಚ್ಚಿದ ಬಾಯಿ: ಪ, ಬ, ಮ. ಎರಡು, ತುಟಿ ಅಗಲಿಸಿ ಹಲ್ಲು ಕಾಣುವ ಬಾಯಿ: ಇ, ಈ, ಸ, ಜೊತೆಗೆ ನಾಲಿಗೆಯ ವ್ಯಂಜನಗಳು. ಮೂರು, ಅರ್ಧ ತೆರೆದದ್ದು: ಅ, ಎ, ಏ. ನಾಲ್ಕು, ಪೂರ್ತಿ ತೆರೆದದ್ದು: ಆ. ಐದು, ದುಂಡಗಿನದು: ಒ, ಓ. ಆರು, ಚಾಚಿದ ಸಣ್ಣ ಸುತ್ತು: ಉ, ಊ. ಪಾತ್ರ ಆಗಾಗ 'ಫೋನ್', 'ಆಫೀಸ್' ಎನ್ನುವುದಾದರೆ ಮಾತ್ರ ಏಳನೆಯದು ಬೇಕು: ಕೆಳತುಟಿಯ ಮೇಲೆ ಮೇಲಿನ ಹಲ್ಲು.

[ತೆರೆಯ ಮೇಲೆ: ಧ್ವನಿಯ ಅಲೆ, ಅದರ ಕೆಳಗೆ ಫ್ರೇಮ್ ಸಂಖ್ಯೆಗಳು]

ಈಗ ಒಂದು ಮಾತು: "ಅಮ್ಮಾ, ಹೂವು ಬೇಕು." ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರ ಕನಿಷ್ಠ 2 ಫ್ರೇಮ್ ನಿಲ್ಲುತ್ತದೆ. ಮೊದಲು ಧ್ವನಿ ಮುದ್ರಿಸಿ, ನಿಧಾನವಾಗಿ ಕೇಳುತ್ತ ಯಾವ ಅಕ್ಷರ ಎಷ್ಟನೇ ಫ್ರೇಮಿನಲ್ಲಿದೆ ಎಂದು ಗುರುತು ಹಾಕಿ. ನನ್ನ ಮುದ್ರಣದಲ್ಲಿ 'ಅ' 1ರಿಂದ 4, ಮೂರನೆಯ ಬಾಯಿ. 'ಮ್ಮ' ಒತ್ತಕ್ಷರ, ತುಟಿ ಹೆಚ್ಚು ಹೊತ್ತು ಮುಚ್ಚಿರುತ್ತದೆ: 5ರಿಂದ 8. ಅದರ 'ಆ' 9ರಿಂದ 16, ನಾಲ್ಕನೆಯ ಬಾಯಿ. 'ಹೂ' ಎನ್ನುವಾಗ 'ಹ'ಕ್ಕೆ ಸ್ವಂತ ಆಕಾರವಿಲ್ಲ, ಮುಂದಿನ ಸ್ವರದ ಆಕಾರವನ್ನೇ ತಾಳುತ್ತದೆ. 'ವು' ಕೂಡ ಅದೇ ಸುತ್ತಿನಲ್ಲಿ ಮುಗಿಯುತ್ತದೆ. ಆದ್ದರಿಂದ 17ರಿಂದ 28 ಆರನೆಯ ಬಾಯಿ. 'ಬ' 29, 30, ಮುಚ್ಚಿದ ಬಾಯಿ. 'ಏ' 31ರಿಂದ 36, ಮೂರನೆಯದು. 'ಕು' 37ರಿಂದ 42. 'ಕ'ವನ್ನು ಬಿಟ್ಟು ನೇರವಾಗಿ ಸುತ್ತಿಗೆ ಹೋಗಿ. ಏಳು ಬದಲಾವಣೆಗಳಿಗೆ ನಾಲ್ಕೇ ಚಿತ್ರಗಳು ಸಾಕಾದವು.

[ತೆರೆಯ ಮೇಲೆ: ಅದೇ ಮಾತು, ಪ್ರತಿ ಅಕ್ಷರಕ್ಕೂ ಬಾಯಿ ಬದಲಾಗುತ್ತದೆ]

ಪ್ರತಿ ಅಕ್ಷರಕ್ಕೂ ಬಾಯಿ ಬದಲಿಸಿದರೆ ಹೀಗೆ ಪಟಪಟ ಬಡಿದುಕೊಳ್ಳುತ್ತದೆ. ಹೀಗಾದರೆ ಮೊದಲು ನಾಲಿಗೆಯ ವ್ಯಂಜನಗಳನ್ನು ತೆಗೆಯಿರಿ. ತುಟಿ ಮುಚ್ಚುವ ಚಿತ್ರವನ್ನು ಮಾತ್ರ ಎಂದೂ ತೆಗೆಯಬೇಡಿ. 'ಅಮ್ಮ' ಎನ್ನುವಾಗ ಬಾಯಿ ತೆರೆದೇ ಇದ್ದರೆ ಮಗುವೂ ಗುರುತಿಸುತ್ತದೆ.

ಧ್ವನಿಗಿಂತ ಬಾಯಿ ಹಿಂದುಳಿದಂತೆ ಕಂಡರೆ ಬಾಯಿಯ ಚಿತ್ರಗಳನ್ನೆಲ್ಲ ಒಂದೆರಡು ಫ್ರೇಮ್ ಮುಂಚೆಗೆ ಸರಿಸಿ. ಸ್ವಲ್ಪ ಮುಂಚೆ ಬಂದ ಬಾಯಿಯನ್ನು ಕಣ್ಣು ಒಪ್ಪುತ್ತದೆ, ತಡವಾದದ್ದನ್ನು ಒಪ್ಪುವುದಿಲ್ಲ. ನಂತರ ಧ್ವನಿ ನಿಲ್ಲಿಸಿ ಚಿತ್ರ ಮಾತ್ರ ಓಡಿಸಿ, 'ಮ್ಮ' ಮತ್ತು 'ಬೇ' ಎಲ್ಲಿವೆ ಎಂದು ತುಟಿ ನೋಡಿಯೇ ತಿಳಿಯಬೇಕು.

ಆರು ಬರೆಯಲೂ ಸಮಯವಿಲ್ಲವೇ? ಒಂದು, ನಾಲ್ಕು, ಆರು ಇವಷ್ಟನ್ನೇ ಬರೆಯಿರಿ. ದೂರದ ಶಾಟ್‌ಗಳಿಗೆ ಈ ಮೂರು ಸಾಲುತ್ತವೆ. ಮುಖ ಹತ್ತಿರ ಬರುವ ಶಾಟ್‌ಗೆ ಅರ್ಧ ತೆರೆದ ಮೂರನೆಯ ಬಾಯಿಯನ್ನೂ ಸೇರಿಸಿ.