ಕಾಗದದ ಹೂವಿನ ಕಾರ್ಡು, ಬಾಳೆನಾರಿನ ಗಂಟು

ಕೇಳುಗರಿಗೆ ನಮಸ್ಕಾರ.

ದಸರಾ ಮುಗಿದರೆ ದೀಪಾವಳಿಗೆ ಇಪ್ಪತ್ತು ದಿನ. ಉಡುಗೊರೆಗೆ ಕೈಯಿಂದಲೇ ಕಾರ್ಡು ಮಾಡುವವರು ಹೂ ಒಣಗಿಸಲು ಈಗಲೇ ಶುರುಮಾಡಬೇಕು. ನಮ್ಮ ಕಾಸರಗೋಡಿನಲ್ಲಿ ಆಗಲೂ ಸಂಜೆ ಗುಡುಗು, ಮಳೆ ಇರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ. ಹೂ ಒಣಗುವ ಮೊದಲೇ ಬೂಸು ಹಿಡಿಯುತ್ತದೆ.

ಹಾಗಾಗಿ ನೀರು ಕಡಿಮೆ ಇರುವ ಹೂವನ್ನೇ ಆರಿಸಿ. ಬೇಲಿಯ ಕಾಗದದ ಹೂ ಎಲ್ಲಕ್ಕಿಂತ ಸುಲಭ. ಶಂಖಪುಷ್ಪವೂ ಆಗುತ್ತದೆ. ಚೆಂಡುಹೂವನ್ನು ಇಡಿಯಾಗಿ ಒತ್ತಬೇಡಿ, ಎಸಳು ಬಿಡಿಸಿಕೊಳ್ಳಿ. ದಾಸವಾಳ ಲೋಳೆ ಬಿಟ್ಟು ಕಾಗದಕ್ಕೆ ಅಂಟುತ್ತದೆ. ಮಲ್ಲಿಗೆ ಕಂದಾಗುತ್ತದೆ. ಅವೆರಡೂ ದೇವರ ಮುಡಿಗೇ ಇರಲಿ!

ಬಿಸಿಲೇರಿ ಇಬ್ಬನಿ ಆರಿದ ಮೇಲೆ ಹೂ ಕೊಯ್ಯಿರಿ. ಹಳೆಯ ಪತ್ರಿಕೆಯ ಮಡಿಕೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ಮೇಲೆ ಭಾರ ಇಡಿ. ಮೊದಲ ಮೂರು ನಾಲ್ಕು ದಿನ ಪತ್ರಿಕೆಯನ್ನು ದಿನಾ ಬದಲಿಸಲೇಬೇಕು. ತೇವ ಹೀರಿದ ಕಾಗದದಲ್ಲೇ ಬಿಟ್ಟರೆ ಹೂ ಕಪ್ಪಾಗುತ್ತದೆ. ಸೌದೆ ಒಲೆ ಇರುವ ಮನೆಯಾದರೆ ಅದರ ಮೇಲಿನ ಅಟ್ಟ ಇದಕ್ಕೆ ಒಳ್ಳೆಯ ಜಾಗ. ಸುಮಾರು ಎರಡು ವಾರ ಬೇಕು. ಒಣಗಿತೋ ಇಲ್ಲವೋ ತಿಳಿಯಲು ಹೂವನ್ನು ಕೆನ್ನೆಗೆ ಮೆಲ್ಲಗೆ ತಾಗಿಸಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ ಅಂತಲೇ ಲೆಕ್ಕ.

ಕಾರ್ಡಿಗೆ ಹಳೆಯ ಮದುವೆ ಕಾಗದದ ಖಾಲಿ ಬದಿ ಸಾಕು. ಮಡಿಸುವ ಮೊದಲು ಉದ್ದಕ್ಕೂ ಅಗಲಕ್ಕೂ ಸ್ವಲ್ಪ ಬಾಗಿಸಿ ನೋಡಿ. ಒಂದು ಕಡೆಗೆ ಸಲೀಸಾಗಿ ಬಾಗುತ್ತದೆ. ಕಾಗದದ ನಾರು ಓಡುವುದು ಆ ಮಡಿಕೆಯ ಜಾಡಿನಲ್ಲೇ. ಅಲ್ಲೇ ಮಡಿಸಿ. ಅಡ್ಡ ಮಡಿಸಿದರೆ ಅಂಚು ಒಡೆದು ಬಿರುಕು ಕಾಣಿಸುತ್ತದೆ.

ಅಂಟಿಗೆ ಒಂದು ಚಮಚ ಮೈದಾ, ಐದಾರು ಚಮಚ ನೀರು. ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕಾಯಿಸಿ, ಆರಿಸಿ. ಹಿಡಿಸೂಡಿಯ ಕಡ್ಡಿಯ ತುದಿಯಲ್ಲಿ ತೆಗೆದು, ಹೂವಿನ ನಡುವೆ ಒಂದೇ ಚುಕ್ಕಿ ಇಡಿ. ಎಸಳಿಗೆಲ್ಲ ಬಳಿದರೆ ಒಣಗಿದ ಹೂ ಮತ್ತೆ ಒದ್ದೆಯಾಗಿ ಸುಕ್ಕಾಗುತ್ತದೆ. ಹೊಳಪಿನ ಕಾಗದದ ಮೇಲೆ ಈ ಅಂಟು ನಿಲ್ಲುವುದಿಲ್ಲ. ಇಂಥ ಅಂಟಿನ ಕಾರ್ಡುಗಳನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಹುಳು ತಿನ್ನುತ್ತದೆ. ಆ ಹಬ್ಬಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ.

ಉಡುಗೊರೆ ಸುತ್ತಲು ಕ್ಯಾಲೆಂಡರಿನ ಹಾಳೆ ಗಟ್ಟಿ. ಬಿಳಿ ಬದಿ ಹೊರಗಿರಲಿ. ತಿಂಡಿಗೆ ಮಾತ್ರ ಮುದ್ರಿಸಿದ ಕಾಗದ ತಾಗಬಾರದು, ಡಬ್ಬಿಯಲ್ಲಿ ಹಾಕಿಯೇ ಸುತ್ತಿ. ಕಟ್ಟಲು ಹೂಮಾಲೆಯ ಬಾಳೆನಾರೇ ಸಾಕಲ್ವಾ? ಒಣನಾರು ಗಂಟಿನಲ್ಲಿ ತುಂಡಾಗುತ್ತದೆ. ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಆಮೇಲೆ ಕಟ್ಟಿ. ಒರೆಸದಿದ್ದರೆ ಕಾಗದದ ಮೇಲೆ ಕಲೆ ಉಳಿಯುತ್ತದೆ.

ಕಾರ್ಡನ್ನು ಅಂಚೆಯಲ್ಲಿ ಕಳಿಸುವುದಾದರೆ ಹೂವನ್ನು ಒಳಪುಟದಲ್ಲಿ ಅಂಟಿಸಿ, ಮೇಲೊಂದು ತೆಳು ಕಾಗದ ಇಡಿ. ಲಕೋಟೆಯ ಮೇಲೆ ಅಂಚೆಮುದ್ರೆಯ ಪೆಟ್ಟು ಬೀಳುವುದು ಸ್ಟಾಂಪಿನ ಮೂಲೆಗೆ. ಹಾಗಾಗಿ ಹೂ ಆ ಮೂಲೆಯಿಂದ ದೂರ, ಕೆಳಗಡೆ ಇರಲಿ.