ಮೇಲಿನ ಸಾಲನ್ನು ಕೈಯಿಂದ ಮುಚ್ಚಿ

ಕೇಳುಗರಿಗೆ ನಮಸ್ಕಾರ. ಈಗ ಬೆಂಗಳೂರಿನಲ್ಲಿ ಏನು ಕೊಳ್ಳೋಕೆ ಹೋದರೂ ಮೂರು ಪ್ಲಾನ್ ಮುಂದಿಡುತ್ತಾರೆ. ಜಿಮ್‌ಗೆ, ಇಂಟರ್ನೆಟ್‌ಗೆ, ಮದುವೆ ಫೋಟೊಗೆ, ಎಲ್ಲದಕ್ಕೂ ಸಿಲ್ವರ್, ಗೋಲ್ಡ್, ಪ್ಲಾಟಿನಂ. ಇಂಥ ರೇಟ್ ಲಿಸ್ಟ್‌ಗಳನ್ನು ಅಂಗಡಿಯವರ ಜೊತೆ ಕೂತು ಮಾಡಿಕೊಡುವುದೇ ನನ್ನ ಕೆಲಸ. ಹಾಗಾಗಿ ಒಳಗಿನಿಂದ ಒಂದು ಮಾತು ಹೇಳುತ್ತೇನೆ. ಎಲ್ಲಕ್ಕಿಂತ ದುಬಾರಿ ಸಾಲನ್ನು ಬರೆಯುವುದು ತೋರಿಸೋದಕ್ಕೆ. ಅದು ಮಾರಾಟವಾಗದಿದ್ದರೂ ಅವರಿಗೆ ನಷ್ಟವಿಲ್ಲ.

ನನ್ನ ತಂಗಿಯ ಕಥೆ ಕೇಳಿ. ಮಗುವಿನ ನಾಮಕರಣ, ಅರ್ಧ ದಿನದ ಕಾರ್ಯಕ್ರಮ, ನಲವತ್ತು ಜನ. ಫೋಟೊಗೆ ಇಪ್ಪತ್ತು ಸಾವಿರ ಅಂತ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಬಸವನಗುಡಿ ಕಡೆಯ ಒಂದು ಸ್ಟುಡಿಯೊಗೆ ಹೋದಳು. ಬರುವಾಗ 42,000 ರೂಪಾಯಿಗೆ ಒಪ್ಪಿಕೊಂಡು ಬಂದಿದ್ದಳು, ಅದೂ ಖುಷಿಯಿಂದ. "ಅಕ್ಕಾ, ಬರೀ ಎರಡು ಸಾವಿರಕ್ಕೆ ಆಲ್ಬಮ್ ಬಂತು!" ಅಂದಳು.

ಲಿಸ್ಟ್ ತೆಗೆದು ನೋಡಿದೆ. ಎಲ್ಲಕ್ಕಿಂತ ಮೇಲೆ ಪ್ಲಾಟಿನಂ, 95,000. ಡ್ರೋನ್, ಎರಡು ಆಲ್ಬಮ್, ಎಲ್‌ಇಡಿ ಪರದೆ. ಅದರ ಕೆಳಗೆ ಗೋಲ್ಡ್, 42,000. ಫೋಟೊ, ವಿಡಿಯೊ, ಆಲ್ಬಮ್. ಅದರ ಕೆಳಗೆ ಗೋಲ್ಡ್ ಲೈಟ್, 40,000. ಫೋಟೊ, ವಿಡಿಯೊ ಇದೆ, ಆಲ್ಬಮ್ ಇಲ್ಲ. ಕೊನೆಗೆ ಸಿಲ್ವರ್, 18,000. ಬರೀ ಫೋಟೊ, ಪೆನ್ ಡ್ರೈವ್‌ನಲ್ಲಿ ಕೊಡುತ್ತಾರೆ.

ಇಲ್ಲಿ ಎರಡು ಕೆಲಸ ನಡೆದಿವೆ. ಮೊದಲು 95,000 ಕಣ್ಣಿಗೆ ಬಿತ್ತು. ಮನಸ್ಸು ಅಲ್ಲೇ ಲಂಗರು ಹಾಕಿತು. ಮನೆಯಿಂದ ಹೊರಟಾಗ ಇದ್ದ ಇಪ್ಪತ್ತು ಸಾವಿರ ಮರೆತೇ ಹೋಯಿತು, ಅದರ ಬದಲು 95ಕ್ಕೆ ಹೋಲಿಸಿ 42 ಕಡಿಮೆ ಅನಿಸಿತು. ಎರಡನೆಯದು ಆ ಗೋಲ್ಡ್ ಲೈಟ್. ಹಿಂದೆ ಬೇಟೆಗಾರರು ಪಳಗಿಸಿದ ಪ್ರಾಣಿಯನ್ನು ಮುಂದೆ ಬಿಟ್ಟು ಕಾಡಿನದನ್ನು ಸೆಳೆಯುತ್ತಿದ್ದರಲ್ಲ, ಅದಕ್ಕೆ ದೀಮ ಅಂತಾರೆ. ಈ ಸಾಲು ಆ ದೀಮ. ಎರಡು ಸಾವಿರ ಉಳಿಸೋಕೆ ಆಲ್ಬಮ್ ಬಿಡುವವರು ಯಾರು? ಯಾರೂ ಇಲ್ಲ. ಅದು ಇರುವುದೇ ಪಕ್ಕದ ಗೋಲ್ಡ್ ಚೆನ್ನಾಗಿ ಕಾಣಲಿ ಅಂತ.

ತಂಗಿ 40ರಿಂದ 42ಕ್ಕೆ ಎಷ್ಟು ಅಂತ ನೋಡಿದಳು. 18ರಿಂದ 40ಕ್ಕೆ ಎಷ್ಟು ಅಂತ ನೋಡಲೇ ಇಲ್ಲ! ಅಲ್ಲಿರುವುದು 22,000 ರೂಪಾಯಿ, ಬರೀ ವಿಡಿಯೊಗೆ. ಅವಳಿಗೆ ವಿಡಿಯೊ ಬೇಕಾಗಿಯೇ ಇರಲಿಲ್ಲ. ಆಲ್ಬಮ್ ಒಂದನ್ನೇ ಮಾಡಿಕೊಡಿ ಅಂತ ಒಂದು ಪ್ರಿಂಟಿಂಗ್ ಲ್ಯಾಬ್‌ನಲ್ಲಿ ಕೇಳಿದ್ದಕ್ಕೆ 8,000 ಅಂದರು. ಸಿಲ್ವರ್ ತಗೊಂಡು ಆಲ್ಬಮ್ ಹೊರಗೆ ಮಾಡಿಸಿದ್ದರೆ 26,000ಕ್ಕೆ ಮುಗಿಯುತ್ತಿತ್ತು. 16,000 ಸುಮ್ನೆ ಜಾಸ್ತಿ ಹೋಯಿತು.

ತಂಗಿ ದಡ್ಡಿ ಅಂದುಕೊಳ್ಳಬೇಡಿ, ಯಾರಾದರೂ ಹೀಗೇ ಮಾಡುತ್ತಾರೆ. ಅಮೆರಿಕದಲ್ಲಿ ಸೈಮನ್ಸನ್ ಮತ್ತು ಟ್ವರ್ಸ್ಕಿ ಎಂಬಿಬ್ಬರು ಕ್ಯಾಮೆರಾ ಇಟ್ಟುಕೊಂಡು ಇದನ್ನು ಪರೀಕ್ಷೆ ಮಾಡಿ 1992ರಲ್ಲಿ ಪ್ರಕಟಿಸಿದರು. ಸುಮಾರು 170 ಡಾಲರ್‌ನದು ಒಂದು, 240ರದು ಒಂದು, ಎರಡನ್ನೇ ತೋರಿಸಿದಾಗ ಅರ್ಧ ಜನ ಇದನ್ನು, ಅರ್ಧ ಜನ ಅದನ್ನು ಆರಿಸಿದರು. ಬೇರೆ ಗುಂಪಿಗೆ 470 ಡಾಲರ್‌ನ ಮೂರನೆಯದನ್ನೂ ಸೇರಿಸಿ ತೋರಿಸಿದರು. ಆಗ ನೂರಕ್ಕೆ 57 ಜನ ಮಧ್ಯದ್ದಕ್ಕೆ ಹೋದರು, ಅಗ್ಗದ್ದಕ್ಕೆ ಉಳಿದವರು ಬರೀ 22. ಅಗ್ಗದ ಕ್ಯಾಮೆರಾ ಏನೂ ಕೆಟ್ಟಿರಲಿಲ್ಲ, ಬೆಲೆಯೂ ಬದಲಾಗಿರಲಿಲ್ಲ. ಮೇಲೊಂದು ಸಾಲು ಬಂತು, ಅಷ್ಟೇ.

ಅದಕ್ಕೇ ಹೇಳುವುದು, ಲಿಸ್ಟ್ ಕೈಗೆ ಬಂದ ತಕ್ಷಣ ಮೇಲಿನ ಸಾಲನ್ನು ಕೈಯಿಂದ ಮುಚ್ಚಿ. ನಿಜವಾಗಿ ಮುಚ್ಚಿ, ಅಂಗಡಿಯವರು ನೋಡಿದರೆ ನೋಡಲಿ. ಆಮೇಲೆ ದೀಮ ಹುಡುಕಿ. ಬೆಲೆ ಹತ್ತಿರ ಹತ್ತಿರ, ಆದರೆ ಒಂದರಲ್ಲಿ ಮುಖ್ಯವಾದದ್ದೇ ಇಲ್ಲ, ಅಂಥ ಸಾಲು ಕಂಡರೆ ಅದನ್ನೂ ಮುಚ್ಚಿ. ಉಳಿದ ಎರಡರ ನಡುವೆ ಎಷ್ಟು ವ್ಯತ್ಯಾಸ, ಅಷ್ಟು ದುಡ್ಡಿಗೆ ಏನು ಸಿಗುತ್ತಿದೆ, ಅದು ನಿಮಗೆ ಬೇಕಾ, ಇಷ್ಟು ಕೇಳಿಕೊಳ್ಳಿ.

ಸೀರೆ ಅಂಗಡಿಯಲ್ಲಿ ಮೊದಲು ದುಬಾರಿ ಸೀರೆಯನ್ನೇ ಬಿಡಿಸಿ ಹಾಸುವುದೂ ಇದೇ ಲಂಗರು. ಅದರ ಬಗ್ಗೆ ಬಹಳ ಹೇಳಬೇಕಿತ್ತು, ಸಮಯ ಆಗುತ್ತಾ ಬಂತು.

ತಂಗಿ ಮೊನ್ನೆ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಮತ್ತೆ ಒಂದು ಸ್ಟುಡಿಯೊಗೆ ಫೋನ್ ಮಾಡಿದಳು. ಲಿಸ್ಟ್ ಕಳಿಸುತ್ತೇವೆ ಮೇಡಂ ಅಂದರಂತೆ. "ಲಿಸ್ಟ್ ಬೇಡ, ಎರಡು ಗಂಟೆ ಫೋಟೊ, ಒಂದು ಆಲ್ಬಮ್, ಬೇರೆ ಬೇರೆಯಾಗಿ ಎಷ್ಟು ಹೇಳಿ" ಅಂದಳು. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿ ಹೇಳುತ್ತೇನೆ ಅಂದರಂತೆ. ಬಿಡಿ ಬಿಡಿಯಾಗಿ ರೇಟ್ ಅವರ ಹತ್ತಿರ ಬರೆದೇ ಇರಲಿಲ್ಲ.